ಪಿಂಚಣಿ ಕಳೆದು ಉಳಿದದ್ದು ಸಂಬಳ

ಕೇಂದ್ರ ಸರ್ಕಾರದ ಕಚೇರಿಗಳು ನಿವೃತ್ತ ನೌಕರರನ್ನು ಗುತ್ತಿಗೆ ಮೇಲೆ ಮತ್ತೆ ಕರೆದುಕೊಳ್ಳುವಾಗ ಹೊರಡಿಸುವ ಪ್ರಕಟಣೆಗಳಲ್ಲಿ ‘ಕೊನೆಯ ವೇತನದಿಂದ ಮೂಲ ಪಿಂಚಣಿ ಕಳೆದು ಬರುವ ಮೊತ್ತ’ ಎಂಬ ಸಾಲು ಸಾಮಾನ್ಯ. ಓದಿದವರು ತಲೆಯಾಡಿಸುತ್ತಾರೆ, ಅರ್ಜಿ ಹಾಕುತ್ತಾರೆ. ಮೊದಲ ತಿಂಗಳ ಹಣ ಖಾತೆಗೆ ಬಿದ್ದಾಗ, ಇಷ್ಟೇನಾ ಅನ್ನುತ್ತಾರೆ. ಕಚೇರಿಯ ಲೆಕ್ಕ ಸರಿಯಾಗಿಯೇ ಇರುತ್ತದೆ. ಕಳೆಯುವ ಪಿಂಚಣಿ ಯಾವುದು ಎಂಬಲ್ಲಿ ಇವರು ಎಡವಿರುತ್ತಾರೆ.

ಒಂದು ಉದಾಹರಣೆ ನೋಡೋಣ. ಬೆಂಗಳೂರಿನ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಹಳೆಯ ಪಿಂಚಣಿ ಯೋಜನೆಯಡಿ ದುಡಿದು 60ಕ್ಕೆ ನಿವೃತ್ತರಾದ ಒಬ್ಬರಿದ್ದಾರೆ ಎಂದುಕೊಳ್ಳಿ. ಕೊನೆಯ ಮೂಲ ವೇತನ 70,000 ರೂಪಾಯಿ. ಅದರ ಅರ್ಧ, ಅಂದರೆ 35,000, ಅವರ ಮೂಲ ಪಿಂಚಣಿ. ಮಗಳ ಮದುವೆಗೋ ಮನೆ ಸಾಲಕ್ಕೋ ಬೇಕೆಂದು ಅವರು ಪಿಂಚಣಿಯ ಶೇ 40ರಷ್ಟನ್ನು ಕಮ್ಯುಟೇಷನ್ ಮಾಡಿಸಿದರು. ತಿಂಗಳಿಗೆ 14,000 ರೂಪಾಯಿ ಬಿಟ್ಟುಕೊಟ್ಟದ್ದಕ್ಕೆ ಒಂದೇ ಗಂಟಿನಲ್ಲಿ ಸುಮಾರು 13 ಲಕ್ಷ 76 ಸಾವಿರ ರೂಪಾಯಿ ಬಂತು. ಬಿಟ್ಟುಕೊಟ್ಟ ಭಾಗ ಮರಳಿ ಸಿಗುವುದು 15 ವರ್ಷದ ಮೇಲೆ. ಹಾಗಾಗಿ ಈಗ ಕೈಗೆ ಬರುವ ಪಿಂಚಣಿ 21,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ.

ಅದೇ ಕಚೇರಿ ಅವರನ್ನು ಒಂದು ವರ್ಷದ ಗುತ್ತಿಗೆಗೆ ಕರೆಯುತ್ತದೆ. 70,000ದಲ್ಲಿ 21,000 ಕಳೆದು 49,000 ಸಿಗುತ್ತದೆಂದು ಅವರು ಲೆಕ್ಕ ಹಾಕಿಕೊಂಡಿರುತ್ತಾರೆ. ಸಿಗುವುದು 35,000. ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ 2020ರ ಡಿಸೆಂಬರ್ 9ರಂದು ಹೊರಡಿಸಿದ ಆದೇಶದಲ್ಲಿ ಇದು ಬಿಡಿಸಿ ಹೇಳಿದೆ: ಕಳೆಯಬೇಕಾದದ್ದು ನಿವೃತ್ತಿಯ ದಿನ ನಿಗದಿಯಾದ ಪೂರ್ತಿ ಪಿಂಚಣಿ, ಕಮ್ಯುಟೇಷನ್ ಮಾಡಿಸಿದ ಭಾಗವೂ ಸೇರಿ. ಆ ಭಾಗದ ಹಣವನ್ನು ನೀವು ಮೊದಲೇ ಎಣಿಸಿಕೊಂಡಿದ್ದೀರಿ ಎಂಬುದು ಸರ್ಕಾರದ ವಾದ. ವಾದದಲ್ಲಿ ಹುರುಳಿದೆ. ಆದರೆ ಆ ಗಂಟು ಯಾವತ್ತೋ ಕರಗಿಹೋದವರಿಗೆ ತಿಂಗಳಿಗೆ 14,000ದ ವ್ಯತ್ಯಾಸ ಸಣ್ಣದಲ್ಲ.

ಇನ್ನೂ ಒಂದು ಮಾತಿದೆ. ಹೀಗೆ ನಿಗದಿಯಾದ 35,000 ಗುತ್ತಿಗೆಯ ಅವಧಿ ಪೂರ್ತಿ ಅಷ್ಟೇ ಇರುತ್ತದೆ. ವಾರ್ಷಿಕ ಬಡ್ತಿಯಿಲ್ಲ, ಮನೆಬಾಡಿಗೆ ಭತ್ಯೆಯೂ ಇಲ್ಲ. ಓಡಾಟದ ಭತ್ಯೆಗೆ ಅವಕಾಶವುಂಟು. ಸೇವೆಯಲ್ಲಿದ್ದಾಗ ಪೂರ್ತಿ 70,000ದ ಮೇಲೆ ಸಿಗುತ್ತಿದ್ದ ತುಟ್ಟಿಭತ್ಯೆ ಈಗ ಪಿಂಚಣಿಯ 35,000ದ ಮೇಲೆ ಮಾತ್ರ. ‘ಕೊನೆಯ ಸಂಬಳವನ್ನೇ ಕೊಡುತ್ತಾರೆ’ ಎಂಬ ಮಾತು ಮೂಲ ವೇತನದ ಮಟ್ಟಿಗೆ ನಿಜ, ಒಟ್ಟು ಸಂಬಳಕ್ಕೆ ಅನ್ವಯಿಸುವುದಿಲ್ಲ. ಅದೇ ಕುರ್ಚಿ, ಅದೇ ಕಡತ, ಕೈಗೆ ಬರುವುದು ಮಾತ್ರ ಕಡಿಮೆ.

ಕೊಡಗು, ಬೆಳಗಾವಿ ಕಡೆಯ ಮಾಜಿ ಸೈನಿಕರು ಇದನ್ನು ಓದಿ ಗಾಬರಿಯಾಗಬೇಕಿಲ್ಲ. ಅವರು ಗುತ್ತಿಗೆಯಲ್ಲದೆ ಕೇಂದ್ರ ಸರ್ಕಾರದ ಕಾಯಂ ಹುದ್ದೆಗೆ ಮತ್ತೆ ಸೇರಿದರೆ ಅನ್ವಯಿಸುವುದು 1986ರ ಮರುನೇಮಕ ವೇತನ ಆದೇಶಗಳು. ಅದರಂತೆ 55 ವರ್ಷ ತುಂಬುವ ಮೊದಲು ನಿವೃತ್ತರಾದ ಜವಾನ, ಹವಾಲ್ದಾರ್, ಸುಬೇದಾರರ ಪಿಂಚಣಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪಿಂಚಣಿ ಪೂರ್ತಿ, ಸಂಬಳವೂ ಪೂರ್ತಿ. ಆದರೆ ಆ ಸಂಬಳ ಹುದ್ದೆಯ ಮೊದಲ ಮೆಟ್ಟಿಲಿನಿಂದಲೇ ಶುರು. ಹದಿನೇಳು ವರ್ಷ ದುಡಿದು ಬಂದವರೂ ಹೊಸ ಹುಡುಗನ ಪಕ್ಕದಲ್ಲಿ ಅವನಷ್ಟೇ ಮೂಲ ವೇತನಕ್ಕೆ ಕೂರಬೇಕು. ಕಮಿಷನ್ಡ್ ಅಧಿಕಾರಿಗಳದ್ದು ಬೇರೆ ದಾರಿ: ಅವರ ಕೊನೆಯ ವೇತನವನ್ನು ಗಮನಿಸುತ್ತಾರೆ, ಆದರೆ ಪಿಂಚಣಿಯಲ್ಲಿ ಮೊದಲ 15,000 ರೂಪಾಯಿ ಬಿಟ್ಟು ಉಳಿದದ್ದನ್ನು ಕಳೆಯುತ್ತಾರೆ.

ಈಗ ನಮ್ಮ ನಿವೃತ್ತರ ಬಳಿಗೆ ಮರಳೋಣ. ಗುತ್ತಿಗೆ ಬೇಡವೆಂದು ಅವರು ಖಾಸಗಿ ಕಂಪನಿಯೊಂದರಲ್ಲಿ ತಿಂಗಳಿಗೆ 80,000 ರೂಪಾಯಿಯ ಕೆಲಸ ಹಿಡಿದರು ಎನ್ನಿ. ಇಲ್ಲಿ ಯಾರೂ ಪಿಂಚಣಿ ಕಳೆಯುವುದಿಲ್ಲ. ಕಂಪನಿಗೆ ಅವರ ಪಿಂಚಣಿ ಎಷ್ಟೆಂದು ಗೊತ್ತೂ ಇರುವುದಿಲ್ಲ. ತೊಂದರೆ ಶುರುವಾಗುವುದು ಆ ಗೊತ್ತಿಲ್ಲದಿರುವಿಕೆಯಿಂದಲೇ, ಏಕೆಂದರೆ ಎರಡನ್ನೂ ಕೂಡಿಸುವವರು ಇನ್ನೊಬ್ಬರಿದ್ದಾರೆ: ಆದಾಯ ತೆರಿಗೆ ಇಲಾಖೆ. ಅದರ ಕಣ್ಣಿನಲ್ಲಿ ಪಿಂಚಣಿಯೂ ಸಂಬಳವೇ.

ತುಟ್ಟಿಭತ್ಯೆ ಶೇ 50 ಎಂದಿಟ್ಟುಕೊಂಡರೆ, ಅದು ಬಿಟ್ಟುಕೊಟ್ಟ ಭಾಗವೂ ಸೇರಿದ 35,000ದ ಮೇಲೆ ಸಿಗುವುದರಿಂದ 17,500. ಕೈಗೆ ಬರುವ 21,000 ಸೇರಿಸಿದರೆ ತಿಂಗಳಿಗೆ 38,500, ವರ್ಷಕ್ಕೆ 4,62,000. ಬ್ಯಾಂಕು ಇದನ್ನಷ್ಟೇ ನೋಡಿ, ತೆರಿಗೆಯಿಲ್ಲ ಎನ್ನುತ್ತದೆ. ಕಂಪನಿ ತಾನು ಕೊಡುವ 9,60,000ವನ್ನಷ್ಟೇ ನೋಡುತ್ತದೆ. 2025–26ರ ಹೊಸ ಪದ್ಧತಿಯಲ್ಲಿ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ಅದೂ ಏನನ್ನೂ ಹಿಡಿಯುವುದಿಲ್ಲ. ಎರಡು ಫಾರಂ 16 ಬರುತ್ತವೆ, ಎರಡರಲ್ಲೂ ತೆರಿಗೆ ಸೊನ್ನೆ. ಇವರು ನೆಮ್ಮದಿಯಾಗಿರುತ್ತಾರೆ.

ಜುಲೈನಲ್ಲಿ ರಿಟರ್ನ್ಸ್ ತುಂಬಲು ಕೂತಾಗ ಎರಡೂ ಸೇರಿ 14,22,000 ಆಗುತ್ತದೆ. ಬ್ಯಾಂಕು ಒಮ್ಮೆ, ಕಂಪನಿ ಒಮ್ಮೆ ಕಳೆದಿದ್ದ 75,000ವನ್ನು ಈಗ ಒಂದೇ ಸಲ ಕಳೆಯಬಹುದು. ಉಳಿದದ್ದು 13,47,000. ಇದು 12 ಲಕ್ಷವನ್ನು ದಾಟಿದ್ದರಿಂದ ರಿಯಾಯಿತಿ ಹೋಯಿತು. ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ, ಮುಂದಿನ 4 ಲಕ್ಷಕ್ಕೆ 20,000, ಆಮೇಲಿನ 4 ಲಕ್ಷಕ್ಕೆ 40,000, ಮಿಕ್ಕ 1,47,000ಕ್ಕೆ ಶೇ 15ರಂತೆ 22,050. ಸೆಸ್ ಸೇರಿಸಿ ಕಟ್ಟಬೇಕಾದದ್ದು 85,332 ರೂಪಾಯಿ. ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು, ಅದೂ ಒಂದೇ ಸಲಕ್ಕೆ. ಪಿಂಚಣಿಯನ್ನು ಹೇಳದೆ ಬಿಟ್ಟರಾಯಿತು ಎನ್ನುವವರಿದ್ದಾರೆ. ಎರಡೂ ಕಡೆ ಇರುವುದು ಒಂದೇ ಪ್ಯಾನ್. ಇಲಾಖೆಯ ತಾಣದಲ್ಲಿ ನಿಮ್ಮ ವಾರ್ಷಿಕ ಮಾಹಿತಿ ವಿವರ ತೆರೆದರೆ ಸಾಮಾನ್ಯವಾಗಿ ಎರಡೂ ಅಲ್ಲಿ ಕಾಣುತ್ತವೆ.

ಕೆಲಸಕ್ಕೆ ಸೇರಿದ ವಾರದಲ್ಲೇ ಪಿಂಚಣಿಯ ಮೊತ್ತವನ್ನು ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಬರೆದು ಕೊಟ್ಟರೆ, ಅವರು ಎರಡನ್ನೂ ಕೂಡಿಸಿ ತಿಂಗಳಿಗೆ ಏಳು ಸಾವಿರದ ಚಿಲ್ಲರೆಯಂತೆ ಹಿಡಿದುಕೊಳ್ಳುತ್ತಾರೆ. ಹೇಳಲು ಸಂಕೋಚವಾದರೆ ಆ ಹಣವನ್ನು ತಾವೇ ತೆಗೆದಿಡಬೇಕು. 60 ದಾಟಿದವರಿಗೆ ಮುಂಗಡ ತೆರಿಗೆಯಿಂದ ವಿನಾಯಿತಿ ಇದೆ, ಗಡುವಿನೊಳಗೆ ಕಟ್ಟಿದರೆ ಅದರ ಬಡ್ಡಿ ಬೀಳುವುದಿಲ್ಲ. ನಲವತ್ತರಲ್ಲೇ ಸೈನ್ಯ ಬಿಟ್ಟು ಬಂದವರಿಗೆ ಈ ವಿನಾಯಿತಿ ಇಲ್ಲ. ಕಟ್ಟದೆ ಉಳಿದದ್ದಕ್ಕೆ ತಿಂಗಳಿಗೆ ಶೇ 1ರ ಬಡ್ಡಿ ಸೇರುತ್ತದೆ.

ನೇಮಕದ ಪತ್ರದಲ್ಲಿ ಇದು ಸಂಬಳವೋ ಸಲಹೆಗಾರರ ಶುಲ್ಕವೋ ಎಂಬುದನ್ನೂ ನೋಡಿಕೊಳ್ಳಬೇಕು. ಶುಲ್ಕವೆಂದು ಬರೆದು ಶೇ 10ರಂತೆ ತೆರಿಗೆ ಹಿಡಿಯುತ್ತಿದ್ದರೆ ಇಲಾಖೆಗೆ ಅದು ವೃತ್ತಿಯ ಆದಾಯ. ಆಗ 60 ದಾಟಿದವರಿಗಿದ್ದ ಮುಂಗಡ ತೆರಿಗೆಯ ವಿನಾಯಿತಿಯೂ ಹೋಗುತ್ತದೆ, ಜೂನ್ 15ರಿಂದಲೇ ಕಂತುಗಳು ಶುರುವಾಗುತ್ತವೆ.