ಮಾರ್ಚ್ 31ಕ್ಕೆ ಇನ್ನೆಷ್ಟು ಗಂಟೆ ಬಾಕಿ?

ಮಂಗಳೂರು, ಉಡುಪಿ, ಬೆಂಗಳೂರಿನ ಕಾಲೇಜುಗಳಲ್ಲಿ ನರ್ಸಿಂಗ್ ಓದಿ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಸೇರಿದವರು ಬಹಳ ಮಂದಿ ಇದ್ದಾರೆ. ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದಾಗ ಅವರ ಮುಂದೆ ಒಂದು ಪ್ರಶ್ನೆ ಬರುತ್ತದೆ. ಇಂಗ್ಲೆಂಡಿನ ಶಾಲೆಗಳಿಗೆ ವರ್ಷದಲ್ಲಿ ಸುಮಾರು 13 ವಾರ ರಜೆ. ಅಷ್ಟೂ ದಿನ ಮಗುವನ್ನು ನೋಡಿಕೊಳ್ಳಲು ಅಜ್ಜಿ ಊರಿನಿಂದ ಬಂದು ಕೂರಲಾಗುವುದಿಲ್ಲ. ಇಂಥವರಿಗೆ ಅಲ್ಲಿ ಸಿಗುವ ಒಂದು ದಾರಿ ವಾರ್ಷಿಕ ಗಂಟೆಗಳ ಒಪ್ಪಂದ. ವಾರಕ್ಕೆ ಇಷ್ಟು ಎನ್ನುವ ಬದಲು ವರ್ಷಕ್ಕೆ ಇಷ್ಟು ಗಂಟೆ ಎಂದು ಮಾತಾಗುತ್ತದೆ. ಶಾಲೆ ನಡೆಯುವಾಗ ಹೆಚ್ಚು ದುಡಿದು, ರಜೆಯಲ್ಲಿ ಕಡಿಮೆ ದುಡಿಯಬಹುದು. ಸಂಬಳ ಮಾತ್ರ 12 ಸಮಭಾಗವಾಗಿ ತಿಂಗಳು ತಿಂಗಳು ಬರುತ್ತದೆ.

ಸಂಬಳ ಸಮವಾಗಿ ಬರುವುದರಿಂದಲೇ ಎಷ್ಟು ದುಡಿದೆವು, ಎಷ್ಟು ಉಳಿದಿದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಫೆಬ್ರವರಿಯಲ್ಲಿ ಮ್ಯಾನೇಜರ್ ಕರೆದು "ನಿಮ್ಮಿಂದ ಇನ್ನೂ ಇಷ್ಟು ಗಂಟೆ ಬರಬೇಕು" ಎಂದಾಗ ಸರಿಯೋ ತಪ್ಪೋ ಎಂದು ಹೇಳಲು ಕೈಯಲ್ಲಿ ಲೆಕ್ಕ ಇರಬೇಕು. ಆ ಲೆಕ್ಕವನ್ನು ನೌಕರರೇ ಇಟ್ಟುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಬ್ಬ ನರ್ಸನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಎನ್‌ಎಚ್‌ಎಸ್‌ನಲ್ಲಿ ಪೂರ್ಣಾವಧಿ ಎಂದರೆ ವಾರಕ್ಕೆ 37.5 ಗಂಟೆ. ಇವರದು ಅದರ ಶೇ. 60, ಅಂದರೆ 22.5 ಗಂಟೆ. ವರ್ಷದ 365 ದಿನವನ್ನು 7ರಿಂದ ಭಾಗಿಸಿದರೆ 52.143 ವಾರ. ಅದನ್ನು 22.5ರಿಂದ ಗುಣಿಸಿದರೆ 1,173.2 ಗಂಟೆ. ಇದು ಸಂಬಳ ಸಿಗುವ ಒಟ್ಟು ಗಂಟೆ, ದುಡಿಯಬೇಕಾದ ಗಂಟೆಯಲ್ಲ. ಹೊಸದಾಗಿ ಸೇರಿದವರಿಗೆ ವರ್ಷಕ್ಕೆ 27 ದಿನ ರಜೆ, ಜೊತೆಗೆ 8 ಸಾರ್ವಜನಿಕ ರಜೆ, ಒಟ್ಟು 35 ದಿನ. ದಿನಕ್ಕೆ 7.5 ಗಂಟೆಯಂತೆ 262.5 ಗಂಟೆಯಾಯಿತು. ಅದರ ಶೇ. 60 ಎಂದರೆ 157.5. ಇದನ್ನು ಕಳೆದರೆ ಉಳಿಯುವುದು 1,015.7 ಗಂಟೆ. ವಾರ್ಡಿನಲ್ಲಿ ನಿಂತು ದುಡಿಯಬೇಕಾದದ್ದು ಇಷ್ಟು.

ಹೆಚ್ಚಿನ ಜಗಳಗಳು ಹುಟ್ಟುವುದು ಇಲ್ಲೇ. ರಜೆಯನ್ನು ವರ್ಷದ ಮೊದಲ ದಿನವೇ ಕಳೆದಾಗಿದ್ದರೆ, ಆಮೇಲೆ ರಜೆ ಹಾಕಿದ ವಾರಕ್ಕೆ ಗಂಟೆ ಜಮಾ ಮಾಡಬಾರದು. ಮಾಡಿದರೆ ಅದೇ ರಜೆಯನ್ನು ಎರಡು ಸಲ ಎಣಿಸಿದಂತಾಗುತ್ತದೆ. ಒಪ್ಪಂದದಲ್ಲಿ 1,173.2 ಎಂದು ಬರೆದಿದ್ದರೆ ರಜೆಯ ಗಂಟೆ ಜಮಾ ಆಗಲೇಬೇಕು. ಯಾವ ಅಂಕಿಯಿಂದ ಎಣಿಕೆ ಶುರುವಾಗುತ್ತದೆ ಎಂಬುದನ್ನು ಏಪ್ರಿಲ್‌ನಲ್ಲೇ ಬರಹದಲ್ಲಿ ಪಡೆಯಬೇಕು. ಆ 8 ಸಾರ್ವಜನಿಕ ರಜೆಯೂ ಪ್ರತಿವರ್ಷ ಎಂಟೇ ಇರುವುದಿಲ್ಲ. 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ಗುಡ್ ಫ್ರೈಡೇ ಎರಡು ಸಲ ಬಂತು, ನಡುವೆ ರಾಜ ಚಾರ್ಲ್ಸ್ ಪಟ್ಟಾಭಿಷೇಕಕ್ಕೂ ಒಂದು ರಜೆ ಸಿಕ್ಕಿತು. ಹೀಗೆ ಎಂಟು ಇದ್ದದ್ದು ಹತ್ತಾಯಿತು. ನಮ್ಮ ಉದಾಹರಣೆಯ ನರ್ಸಿಗೆ ಒಂದು ರಜೆ ಎಂದರೆ 4.5 ಗಂಟೆ.

ಈಗ ಶಿಫ್ಟ್‌ಗೆ ಬರೋಣ. 12 ಗಂಟೆಯ ಹಗಲು ಪಾಳಿಯಲ್ಲಿ ಅರ್ಧ ಗಂಟೆ ಸಂಬಳವಿಲ್ಲದ ಬಿಡುವು ಎಂದುಕೊಂಡರೆ ಲೆಕ್ಕಕ್ಕೆ ಸಿಗುವುದು 11.5 ಗಂಟೆ. 1,015.7 ಗಂಟೆಯಲ್ಲಿ ಇಂಥ 88 ಶಿಫ್ಟ್ ಹಿಡಿಯುತ್ತವೆ, ಮೂರೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. ಶಾಲೆ ನಡೆಯುವ 39 ವಾರಗಳಲ್ಲಿ ವಾರಕ್ಕೆ ಎರಡರಂತೆ 78 ಶಿಫ್ಟ್. ಉಳಿದ 10ನ್ನು ಗಂಡ ಮನೆಯಲ್ಲಿರುವ ರಜಾದಿನಗಳಿಗೆ ಹಂಚಿಕೊಳ್ಳುತ್ತಾರೆ.

ಸೆಪ್ಟೆಂಬರ್ 30ಕ್ಕೆ ಅರ್ಧ ವರ್ಷ ಮುಗಿಯಿತು. ಅವರು ದುಡಿದದ್ದು 36 ಶಿಫ್ಟ್, ಅಂದರೆ 414 ಗಂಟೆ. ಜ್ವರದಿಂದ ತಪ್ಪಿದ ಎರಡು ಶಿಫ್ಟ್ ರೋಸ್ಟರಿನಲ್ಲಿ ಮೊದಲೇ ಇದ್ದವು, ಆದ್ದರಿಂದ 23 ಗಂಟೆ ಜಮಾ. ಎರಡು ದಿನದ ತರಬೇತಿಗೆ 15. ಒಟ್ಟು 452, ಬಾಕಿ 563.7. ವರ್ಷದ ಅರ್ಧ ಎಂದರೆ ಸುಮಾರು 508 ಆಗಬೇಕಿತ್ತು. ಮ್ಯಾನೇಜರ್ ಕಣ್ಣಿಗೆ ಇವರು 56 ಗಂಟೆ ಹಿಂದೆ.

ಆದರೆ ಅವರು ಹಿಂದೆ ಬಿದ್ದಿಲ್ಲ. ಆರು ವಾರದ ಬೇಸಿಗೆ ರಜೆ ಮೊದಲ ಅರ್ಧದಲ್ಲೇ ಬಂದುಹೋಗಿದೆ, ಈಸ್ಟರ್ ರಜೆಯೂ ಅಲ್ಲೇ ಇತ್ತು. ಆ ಅರ್ಧದಲ್ಲಿ ಶಾಲೆ ನಡೆದ ವಾರಗಳು 17 ಮಾತ್ರ, ಮುಂದಿನ ಅರ್ಧದಲ್ಲಿ 22 ಇವೆ. ವಾರಕ್ಕೆ ಎರಡರಂತೆ 44 ಶಿಫ್ಟ್, ರಜೆಯಲ್ಲಿ ಉಳಿಸಿಕೊಂಡ 5 ಶಿಫ್ಟ್. ಒಟ್ಟು 49 ಶಿಫ್ಟ್, 563.5 ಗಂಟೆ. ಬಾಕಿಗೆ ಇದು ಸರಿಹೊಂದುತ್ತದೆ. ವರ್ಷವನ್ನು ಸಮವಾಗಿ ಹಂಚಿ ನೋಡುವ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ. ಸಮವಾಗಿ ದುಡಿಯುವುದು ಬೇಡವೆಂದೇ ತಾನೇ ಈ ಒಪ್ಪಂದ ಮಾಡಿಕೊಂಡದ್ದು. ನೋಡಬೇಕಾದದ್ದು ಎರಡೇ ಅಂಕಿ: ಬಾಕಿ ಎಷ್ಟು, ಮುಂದಿನ ರೋಸ್ಟರಿನಲ್ಲಿ ಹಾಕಿಕೊಂಡದ್ದು ಎಷ್ಟು. ಇವೆರಡರ ಅಂತರ ಸೊನ್ನೆಯ ಹತ್ತಿರ ಇದ್ದರೆ ನೆಮ್ಮದಿಯಾಗಿರಬಹುದು.

ಎಕ್ಸೆಲ್ ಹಾಳೆಯಲ್ಲಿ ವಾರಕ್ಕೊಂದು ಸಾಲು ಸಾಕು, 5ನೇ ಸಾಲಿನಿಂದ 57ರವರೆಗೆ 53 ಸಾಲು. B1ರಲ್ಲಿ 1015.7, D ಕಂಬದಲ್ಲಿ ಯೋಜಿಸಿದ ಗಂಟೆ, F ಕಂಬದಲ್ಲಿ ನಿಜಕ್ಕೂ ಜಮಾ ಆದ ಗಂಟೆ. 5ನೇ ಸಾಲಿನ G ಮತ್ತು Hಗೆ ಈ ಎರಡು ಸೂತ್ರ ಬರೆದು ಕೆಳಗೆ ಎಳೆದರಾಯಿತು. 58ನೇ ಸಾಲು ಖಾಲಿ ಇರಲಿ.

```
G5: =$B$1-SUM(F$5:F5)
H5: =G5-SUM(D6:D$58)
```

G ಎಂದರೆ ಬಾಕಿ. H ಎಂದರೆ ಬಾಕಿಯಲ್ಲಿ ಇನ್ನೂ ರೋಸ್ಟರಿಗೆ ಬಾರದ ಗಂಟೆ. H ವಾರದಿಂದ ವಾರಕ್ಕೆ ಏರುತ್ತಿದ್ದರೆ ಶಿಫ್ಟ್‌ಗಳು ರದ್ದಾಗುತ್ತಿವೆ ಎಂದರ್ಥ. ಅದನ್ನು ಅಕ್ಟೋಬರಿನಲ್ಲಿ ಕಂಡರೆ ತಿಂಗಳಿಗೊಂದು ಶಿಫ್ಟ್ ಸೇರಿಸಿ ಸರಿಪಡಿಸಬಹುದು. ಮಾರ್ಚ್‌ನಲ್ಲಿ ಕಂಡರೆ ಮಕ್ಕಳನ್ನು ಬಿಟ್ಟು ವಾರಕ್ಕೆ ನಾಲ್ಕು ದಿನ ಓಡಬೇಕಾಗುತ್ತದೆ. H ಸೊನ್ನೆಗಿಂತ ಕೆಳಗಿಳಿದರೆ ಒಪ್ಪಿದ್ದಕ್ಕಿಂತ ಹೆಚ್ಚು ದುಡಿಯಲು ಹೆಸರು ಕೊಟ್ಟಾಗಿದೆ.

ಗಂಟೆ ಬರೆಯುವಾಗ ಆಗುವ ಒಂದು ಸಣ್ಣ ತಪ್ಪು ದೊಡ್ಡದಾಗಿ ಬೆಳೆಯುತ್ತದೆ. 11 ಗಂಟೆ 30 ನಿಮಿಷವನ್ನು 11.30 ಎಂದು ಬರೆದರೆ ಹಾಳೆ ಅದನ್ನು 11.3 ಗಂಟೆ ಎಂದು ಓದುತ್ತದೆ. ಒಂದು ಶಿಫ್ಟಿಗೆ 0.2 ಗಂಟೆ ಹೋಯಿತು. 88 ಶಿಫ್ಟಿಗೆ 17.6 ಗಂಟೆ, ಅಂದರೆ ಒಂದೂವರೆ ಶಿಫ್ಟಿನಷ್ಟು ದುಡಿಮೆ ಲೆಕ್ಕದಿಂದ ಮಾಯ. ರಾತ್ರಿ ಪಾಳಿಯವರು ಇನ್ನೊಂದನ್ನು ಗಮನಿಸಬೇಕು. ಬ್ರಿಟನ್ನಿನಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಮಾರ್ಚ್‌ನ ಕೊನೆಯ ಭಾನುವಾರ ಮುಂದಕ್ಕೆ. ಅಕ್ಟೋಬರಿನ ಆ ರಾತ್ರಿ ದುಡಿದವರದು 12.5 ಗಂಟೆ.

ಕಾಯಿಲೆಯ ರಜೆಯೇ ಇದರಲ್ಲಿ ಹೆಚ್ಚು ತೊಡಕಿನದು. ರೋಸ್ಟರ್ ಹೊರಬಿದ್ದ ಮೇಲೆ ಮಲಗಿದರೆ ಅದರಲ್ಲಿದ್ದ ಗಂಟೆಯನ್ನೇ ಜಮಾ ಮಾಡುವುದು ನ್ಯಾಯ. ರೋಸ್ಟರ್ ಇನ್ನೂ ಬಾರದ ವಾರಗಳಿಗೆ ಸರಾಸರಿ, ಇವರ ವಿಷಯದಲ್ಲಿ 22.5 ಗಂಟೆ. ಒಪ್ಪಂದದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ಆರು ವಾರ ಶಸ್ತ್ರಚಿಕಿತ್ಸೆಗೆ ಮಲಗಿದವರು ಎದ್ದ ಮೇಲೆ ಆ ಗಂಟೆಗಳನ್ನು ದುಡಿದು ತೀರಿಸಬೇಕಾದ ಪರಿಸ್ಥಿತಿ ಬರಬಹುದು. ಸಹಿ ಹಾಕುವ ಮುನ್ನ ಕೇಳಿ ಬರೆಸಿಕೊಳ್ಳಬೇಕಾದದ್ದು ಇದು.

ಇನ್ನು ಆ 56 ಗಂಟೆ. ಯೋಜನೆಯ ಪ್ರಕಾರ ಅದು ಬಾಕಿಯಲ್ಲ, ಆದರೆ ಸೆಪ್ಟೆಂಬರ್ 30ರಂದು ಅವರು ಕೆಲಸ ಬಿಟ್ಟರೆ ಸಾಲ. ಅರ್ಧ ವರ್ಷದ ಸಂಬಳ ಕೈಗೆ ಬಂದಿದೆ, ಅಷ್ಟು ಗಂಟೆ ದುಡಿದಿಲ್ಲ. ಒಪ್ಪಂದದಲ್ಲಿ ಅವಕಾಶ ಇದ್ದರೆ ಕೊನೆಯ ಸಂಬಳದಲ್ಲಿ ಅದನ್ನು ಹಿಡಿದುಕೊಳ್ಳುತ್ತಾರೆ. ಊರಿಗೆ ಮರಳಬೇಕು, ಬೇರೆ ಆಸ್ಪತ್ರೆಗೆ ಹೋಗಬೇಕು ಎಂದಿರುವವರು ರಾಜೀನಾಮೆಯ ದಿನಾಂಕ ಬರೆಯುವ ಮುನ್ನ ಆ ದಿನಕ್ಕೆ G ಕಂಬ ಎಷ್ಟು ತೋರಿಸುತ್ತದೆ ಎಂದು ನೋಡಲಿ. ವಾರಕ್ಕೆ ಎರಡು ಶಿಫ್ಟ್ ದುಡಿಯುವ ತಿಂಗಳುಗಳು ಕಳೆದಂತೆ ಈ ಅಂತರ ಕರಗುತ್ತಾ ಬರುತ್ತದೆ, ಮಾರ್ಚ್ ಕೊನೆಗೆ ಸೊನ್ನೆಯಾಗುತ್ತದೆ.

ಕಡಿಮೆ ಸಂಬಳದ ಕೆಲಸಗಳಲ್ಲಿ, ವೃದ್ಧಾಶ್ರಮದ ಆರೈಕೆ ಅಥವಾ ಅಂಗಡಿ ಕೆಲಸದಲ್ಲಿ, ಇದೇ ಲೆಕ್ಕ ಇನ್ನೊಂದು ದಿಕ್ಕಿನಿಂದ ಕಾಪಾಡುತ್ತದೆ. ಬ್ರಿಟನ್ನಿನ 2015ರ ಕನಿಷ್ಠ ವೇತನ ನಿಯಮಗಳಲ್ಲಿ ಇಂಥ ಒಪ್ಪಂದಗಳಿಗೆ ಪ್ರತ್ಯೇಕ ಭಾಗವೇ ಇದೆ. ವರ್ಷದ ಮೂಲ ಗಂಟೆಗಳು ಮುಗಿದ ಮೇಲೆ ದುಡಿಯುವ ಪ್ರತಿ ಗಂಟೆಗೂ ಕನಿಷ್ಠ ವೇತನ ಸಿಗಲೇಬೇಕು. ಆ ಗೆರೆಯನ್ನು ದಾಟಿದ್ದು ಯಾವ ದಿನ ಎಂದು ತೋರಿಸಲು ವಾರವಾರದ ಹಾಳೆ, ಅದರ ಜೊತೆ ಪ್ರತಿ ರೋಸ್ಟರಿನ ಒಂದು ಫೋಟೊ ಬೇಕು. ರೋಸ್ಟರಿನ ಆ್ಯಪ್‌ಗೆ ಪ್ರವೇಶ ಕೆಲಸ ಬಿಟ್ಟ ಕೂಡಲೇ ಮುಚ್ಚಿಹೋಗಬಹುದು. ಆದ್ದರಿಂದ ಆ ಫೋಟೊಗಳು ಸ್ವಂತ ಫೋನಿನಲ್ಲೇ ಇರಲಿ.