ಮಂಟಪ ಕೇಳುವ ಪತ್ರದಲ್ಲಿ ಮೂರು ದಿನಾಂಕ

ಬಡಾವಣೆಯ ರಾಜ್ಯೋತ್ಸವಕ್ಕೆ ಕಲ್ಯಾಣ ಮಂಟಪ ಬೇಕು. ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ ಮ್ಯಾನೇಜರಿಗೆ ಪತ್ರ ಬರೆಯುತ್ತಾರೆ: 'ನವೆಂಬರ್ 14ರ ಶನಿವಾರ ಸಂಜೆ, ತಪ್ಪಿದರೆ 15ರ ಭಾನುವಾರ ಬೆಳಿಗ್ಗೆ ಕೊಡಿ.' ಎರಡು ದಿನ ಕೊಟ್ಟಿದ್ದೇವೆ ಎಂಬ ನಂಬಿಕೆ ಅವರದು. ಮ್ಯಾನೇಜರ ಪುಸ್ತಕದಲ್ಲಿ ಅದು ಒಂದೇ ದಿನ. ಭಾನುವಾರ ಮುಹೂರ್ತವಿದ್ದರೆ ಶನಿವಾರ ಮಧ್ಯಾಹ್ನಕ್ಕೇ ಮದುವೆಯವರು ಬಂದಿಳಿಯುತ್ತಾರೆ, ಸಂಜೆ ಆರತಕ್ಷತೆ, ಮರುದಿನ ಧಾರೆ, ಊಟ. ಒಂದು ಮದುವೆ ಬುಕ್ ಆದರೆ ಎರಡೂ ಹೋದವು.

ಪರ್ಯಾಯ ದಿನ ಎಂದರೆ ಒಂದು ಕಾರಣಕ್ಕೆ ಎರಡೂ ಕೈತಪ್ಪದಂಥ ದಿನ. 2026ರ ನವೆಂಬರನ್ನೇ ನೋಡೋಣ. 1ನೇ ತಾರೀಕು ಭಾನುವಾರವೇ ಬಂದಿದೆ, ಮೊದಲ ಆಯ್ಕೆ ಅದೇ. ಆದರೆ ಆ ದಿನ ಎಲ್ಲ ಸಂಘಗಳ ಕಣ್ಣೂ ಅದರ ಮೇಲೇ ಇರುತ್ತದೆ. ಮುಂದಿನ ಭಾನುವಾರ ದೀಪಾವಳಿ, ಜನ ಊರಿಗೆ ಹೋಗಿರುತ್ತಾರೆ. ಉತ್ಥಾನ ದ್ವಾದಶಿ ಕಳೆದರೆ ಮದುವೆಗಳ ಸಾಲು. ಹಾಗಾಗಿ ಎರಡನೆಯದು 15ರ ಭಾನುವಾರ ಸಂಜೆ: ಬೆಳಿಗ್ಗೆ ಮದುವೆ ಇದ್ದರೂ ಮಧ್ಯಾಹ್ನದ ಊಟ ಮುಗಿದು ಮಂಟಪ ತೆರವಾಗುತ್ತದೆ. ಮೂರನೆಯದು 18ರ ಬುಧವಾರ ಸಂಜೆ. ಕೆಲಸದ ದಿನ, ಜನ ತುಸು ಕಡಿಮೆಯಾದಾರು, ಆದರೆ ಮಂಟಪ ಸಿಗುವ ಸಾಧ್ಯತೆ ಹೆಚ್ಚು. ಬಾಡಿಗೆಯಲ್ಲಿ ಚೌಕಾಸಿಗೂ ಜಾಗವಿರುತ್ತದೆ.

ಪತ್ರದ ಒಡಲು ಹೀಗಿದ್ದರೆ ಸಾಕು:

'ಮಾನ್ಯರೇ, ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ತಮ್ಮ ಮಂಟಪ ಸಂಜೆ 4ರಿಂದ ರಾತ್ರಿ 10ರವರೆಗೆ ಬೇಕಾಗಿದೆ. ಕಾರ್ಯಕ್ರಮ 5.30ಕ್ಕೆ ಶುರುವಾಗಿ 9ಕ್ಕೆ ಮುಗಿಯುತ್ತದೆ. ಸುಮಾರು 250 ಜನ ಸೇರುತ್ತಾರೆ. ಊಟ ಹೊರಗಿನಿಂದ ತರಿಸುತ್ತೇವೆ, ಅಡುಗೆಮನೆ ಬೇಡ. ನಮ್ಮ ಆದ್ಯತೆಯ ಕ್ರಮದಲ್ಲಿ: ನವೆಂಬರ್ 1, ಭಾನುವಾರ, 15, ಭಾನುವಾರ, 18, ಬುಧವಾರ. 18 ಆದರೆ ಕಾರ್ಯಕ್ರಮ 6.30ಕ್ಕೆ ಶುರು. ಯಾವುದು ಖಾಲಿ ಇದೆ, ಬಾಡಿಗೆ, ಮುಂಗಡ ಎಷ್ಟು ಎಂದು ಸೆಪ್ಟೆಂಬರ್ 20ರೊಳಗೆ ತಿಳಿಸಿದರೆ ಮೂರು ದಿನದಲ್ಲಿ ಮುಂಗಡ ಕಟ್ಟುತ್ತೇವೆ.'

ತಾರೀಕಿನ ಜೊತೆ ವಾರ ಬರೆಯುವುದು ಅಲಂಕಾರಕ್ಕಲ್ಲ. ಅಂಕಿ ತಪ್ಪಾಗಿದ್ದರೆ ವಾರ ಅದನ್ನು ಹಿಡಿದುಕೊಡುತ್ತದೆ. 4 ಗಂಟೆ ಎಂದು ಕೇಳಿರುವುದು ವೇದಿಕೆ, ಮೈಕು ಸಿದ್ಧಮಾಡಿಕೊಳ್ಳಲು. ಕಾರ್ಯಕ್ರಮದ ಹೊತ್ತನ್ನಷ್ಟೇ ಬರೆದವರು 5.30ಕ್ಕೆ ಬೀಗ ತೆಗೆಸಿಕೊಂಡು ಕುರ್ಚಿ ಎಳೆಯುತ್ತಿರುತ್ತಾರೆ. ವೇದಿಕೆ ಮಂಟಪದ ಹೊರಗೆ ಬಯಲಲ್ಲಿದ್ದರೆ ರಾತ್ರಿ 10ರ ಮೇಲೆ ಧ್ವನಿವರ್ಧಕ ಬಳಸುವಂತಿಲ್ಲ, ಅದನ್ನೂ ಲೆಕ್ಕಕ್ಕಿಟ್ಟುಕೊಳ್ಳಬೇಕು.

'ಯಾವ ದಿನವಾದರೂ ಸರಿ' ಎಂದು ಬರೆಯುವ ಸೌಜನ್ಯ ಮಾತ್ರ ಬೇಡ. ಅಂಥ ಪತ್ರವನ್ನು ಮ್ಯಾನೇಜರು ಉಳಿದವರಿಗೆಲ್ಲ ದಿನ ಕೊಟ್ಟಾದ ಮೇಲೆ ತೆಗೆಯುತ್ತಾರೆ. ಒಂದು ದಿನ ಖಾತ್ರಿಯಾಗಿ ರಸೀದಿ ಕೈಗೆ ಬಂದೊಡನೆ ಉಳಿದೆರಡನ್ನು ಬಿಟ್ಟುಕೊಟ್ಟಿದ್ದೇವೆಂದು ಒಂದು ಸಾಲು ಬರೆದು ಕಳಿಸಬೇಕು. ಪೆನ್ಸಿಲಿನಲ್ಲಿ ಗುರುತಿಟ್ಟ ಆ ದಿನಗಳಿಗೆ ಬೇರೆಯವರು ಕಾಯುತ್ತಿರುತ್ತಾರೆ.