ತಾಳ್ಮೆ ಬೇಕಾಗುವುದು ಯಾವ ಹೊತ್ತಿಗೆ?

ಮನೆಗೆಲಸದ ಹುಡುಗಿಯೊಬ್ಬಳು ತನ್ನ ಯಜಮಾನಿಯ ತಾಳ್ಮೆಯನ್ನು ಪರೀಕ್ಷೆಗೆ ಒಡ್ಡುತ್ತಾಳೆ! ಈ ಕಥೆಯನ್ನು ಹೇಳಿದವನು ಬುದ್ಧ. ಅದು ಸಿಕ್ಕಿದ ದಿನ ನಾನು ಬರೆದಿಟ್ಟುಕೊಂಡಿದ್ದ ಭಾಷಣವನ್ನೆಲ್ಲ ಪಕ್ಕಕ್ಕೆ ಸರಿಸಿಬಿಟ್ಟೆ. ಬುಕ್ಕಾಪಟ್ಟಣದ ಹುಡುಗ ಹುಡುಗಿಯರ ಕೂಟದಲ್ಲಿ ಕಾಲು ಗಂಟೆ ಮಾತಾಡಬೇಕಿತ್ತು. ಇಸ್ಲಾಂ, ಕ್ರೈಸ್ತ, ಬೌದ್ಧ ಧರ್ಮಗಳು ತಾಳ್ಮೆಯ ಬಗ್ಗೆ ಏನು ಹೇಳುತ್ತವೆ ಎಂಬುದು ವಿಷಯ. ಮೂರೂ ಒಂದೇ ಮಾತು ಹೇಳುತ್ತವೆ ಎಂದುಕೊಂಡು ಓದಲು ಕೂತವನಿಗೆ ಕಂಡದ್ದು ಬೇರೆಯೇ. ತಾಳ್ಮೆ ದೊಡ್ಡದು ಎಂದು ಮೂರೂ ಒಪ್ಪುತ್ತವೆ, ನಿಜ. ಆದರೆ ಅದು ಇದೆಯೋ ಇಲ್ಲವೋ ಎಂದು ಯಾವ ಗಳಿಗೆಯಲ್ಲಿ ನೋಡಬೇಕು? ಅಲ್ಲಿ ಒಂದೊಂದು ಧರ್ಮ ಒಂದೊಂದು ಹೊತ್ತಿನತ್ತ ಬೆರಳು ತೋರಿಸುತ್ತದೆ!

ಮೊದಲು ಆ ಮನೆಗೆಲಸದ ಹುಡುಗಿ ಕಾಳಿಯ ಕಥೆ. ಇದು ಪಾಲಿ ಭಾಷೆಯ ಮಜ್ಝಿಮ ನಿಕಾಯದ 21ನೇ ಸುತ್ತದಲ್ಲಿದೆ. ಶ್ರಾವಸ್ತಿಯಲ್ಲಿ ವೈದೇಹಿಕಾ ಎಂಬ ಗೃಹಿಣಿ ಇದ್ದಳು. ಎಂಥ ಸಾಧ್ವಿ, ಎಂಥ ಮೃದು ಸ್ವಭಾವ ಎಂದು ಊರೆಲ್ಲ ಹೊಗಳುತ್ತಿತ್ತು. ಅವಳ ಮನೆಯ ಕೆಲಸದವಳು ಕಾಳಿ. ಬಹಳ ಚುರುಕು, ಕೆಲಸ ಅಚ್ಚುಕಟ್ಟು. ಅವಳಿಗೆ ಒಂದು ಅನುಮಾನ ಬಂತು. ಅಮ್ಮನವರಿಗೆ ಸಿಟ್ಟೇ ಇಲ್ಲವೋ, ಇದ್ದೂ ತೋರಿಸುವುದಿಲ್ಲವೋ, ಅಥವಾ ನಾನು ಕೆಲಸವನ್ನು ಇಷ್ಟು ಸರಿಯಾಗಿ ಮಾಡುತ್ತಿರುವುದರಿಂದಲೇ ಆ ಸಿಟ್ಟಿಗೆ ಹೊರಗೆ ಬರಲು ಅವಕಾಶ ಸಿಕ್ಕಿಲ್ಲವೋ? ಎಂಥ ಪ್ರಶ್ನೆ ನೋಡಿ! ಊರಿಗೆ ಊರೇ ಹೊಗಳುತ್ತಿದ್ದ ಗುಣದ ಹಿಂದೆ ತನ್ನ ದುಡಿಮೆ ಇರಬಹುದು ಎಂದು ಆ ಹುಡುಗಿಗೆ ಹೊಳೆದಿದೆ.

ಮಾರನೆಯ ದಿನ ಕಾಳಿ ಬೇಕೆಂದೇ ಹೊತ್ತೇರಿದ ಮೇಲೆ ಎದ್ದಳು. ಯಾಕೆ ತಡ ಎಂದರೆ ಏನಿಲ್ಲಮ್ಮ ಎಂದಳು. ವೈದೇಹಿಕಾಳ ಹುಬ್ಬು ಗಂಟಿಕ್ಕಿತು. ಸಿಟ್ಟು ಇದೆ ಎಂಬುದು ಅಲ್ಲಿಗೇ ಖಚಿತವಾಯಿತು. ಇನ್ನೊಂದು ದಿನ ಮತ್ತಷ್ಟು ತಡ ಮಾಡಿದಳು. ಈ ಸಲ ಬಾಯಲ್ಲಿ ಬೈಗುಳ ಬಂತು. ಮೂರನೆಯ ಸಲ ಇನ್ನೂ ತಡವಾದಾಗ ಆ ಸಾಧ್ವಿ ಬಾಗಿಲ ಅಗುಳಿಯನ್ನು ಕಿತ್ತು ಕಾಳಿಯ ತಲೆಗೇ ಬಾರಿಸಿದಳು! ನೆತ್ತರು ಸುರಿಯುತ್ತಿದ್ದ ತಲೆಯಲ್ಲೇ ಕಾಳಿ ಅಕ್ಕಪಕ್ಕದವರ ಬಳಿ ಹೋಗಿ ನಿಮ್ಮ ಸಾಧ್ವಿ ಮಾಡಿದ ಕೆಲಸ ನೋಡಿ ಎಂದಳು. ವೈದೇಹಿಕಾಳ ಹೆಸರು ಕೆಟ್ಟಿತು.

ಬುದ್ಧ ಈ ಕಥೆಯನ್ನು ಹೇಳಿದ್ದು ಭಿಕ್ಷುಗಳಿಗೆ. ಚೀವರ, ಊಟ, ವಸತಿ, ಔಷಧಿ ಎಲ್ಲ ಸಲೀಸಾಗಿ ಸಿಗುವವರೆಗೆ ಮೃದುವಾಗಿರುವ ಭಿಕ್ಷುವನ್ನು ತಾನು ಮೃದು ಎಂದು ಕರೆಯುವುದಿಲ್ಲ ಎಂಬುದು ಅವನ ಮಾತಿನ ಸಾರ. ಕಿವಿಗೆ ಹಿತವಲ್ಲದ ಮಾತು ಬಂದು ತಾಗಿದಾಗ ಮಾತ್ರ ತಾಳ್ಮೆ ಇದೆಯೋ ಇಲ್ಲವೋ ತಿಳಿಯುತ್ತದೆ. ಕೆಣಕುವವರಿಲ್ಲದ ಕಡೆ ತಾಳ್ಮೆಯನ್ನು ಅಳೆಯಲು ಸಾಧ್ಯವೇ ಇಲ್ಲ! ಎಷ್ಟೋ ಶತಮಾನಗಳ ಮೇಲೆ ಆಚಾರ್ಯ ಶಾಂತಿದೇವ ತನ್ನ ‘ಬೋಧಿಚರ್ಯಾವತಾರ’ದ ಆರನೇ ಅಧ್ಯಾಯವನ್ನು ಪೂರ್ತಿ ತಾಳ್ಮೆಗೇ ಮೀಸಲಿಟ್ಟು, ಕೆಣಕುವ ಶತ್ರುವಿಗೇ ಋಣಿಯಾಗಿರಬೇಕು ಎಂದು ವಾದಿಸುತ್ತಾನೆ. ಶತ್ರು ಇಲ್ಲದಿದ್ದರೆ ತಾಳ್ಮೆಯನ್ನು ಅಭ್ಯಾಸ ಮಾಡುವುದು ಯಾರ ಮೇಲೆ?

ಇದೆಲ್ಲ ದೂರದ ಉತ್ತರದೇಶದ ಮಾತು ಎಂದು ಬುಕ್ಕಾಪಟ್ಟಣದಲ್ಲಿ ಕೂತು ಅನ್ನುವ ಹಾಗಿಲ್ಲ. ಪಾವಗಡದ ಆಚೆಗೆ ಮೊಳಕಾಲ್ಮುರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಅವನ್ನು ಪತ್ತೆ ಮಾಡಿದರು. ಅಲ್ಲಿ ಚಕ್ರವರ್ತಿಯೇ ಒಪ್ಪಿಕೊಳ್ಳುವ ಸಂಗತಿ ಏನು ಗೊತ್ತೇ? ಉಪಾಸಕನಾಗಿ ಎರಡೂವರೆ ವರ್ಷ ದಾಟಿದರೂ ಮೊದಲ ಒಂದು ವರ್ಷ ತಾನು ಹೆಚ್ಚೇನೂ ಶ್ರಮಪಡಲಿಲ್ಲ ಎಂದು! ರಾಜನೊಬ್ಬ ತನ್ನ ನಿಧಾನವನ್ನು ಕಲ್ಲಿನ ಮೇಲೆ ಕೆತ್ತಿಸಿ ನಮ್ಮ ಸೀಮೆಯ ಜನರ ಮುಂದೆ ಇಟ್ಟಿದ್ದಾನೆ.

ಈಗ ಇಸ್ಲಾಮಿಗೆ ಬರುತ್ತೇನೆ. ಶಿರಾದಲ್ಲಿ ಮಲಿಕ್ ರೆಹಾನ್ ಗೋರಿಯನ್ನೂ ಮೊಗಲರ ಕಾಲದ ಜುಮ್ಮಾ ಮಸೀದಿಯನ್ನೂ ನೋಡದ ಹುಡುಗರು ಈ ಕಡೆ ಕಡಿಮೆ. ಮುಸ್ಲಿಂ ಮನೆಗಳಲ್ಲಿ ‘ಸಬರ್ ಮಾಡು’ ಎಂಬ ಮಾತನ್ನು ದಿನಕ್ಕೆ ಎಷ್ಟು ಸಲ ಕೇಳುತ್ತೇವೋ! ಆ ಸಬರ್ ಯಾವಾಗ ಬೇಕು ಎಂದು ಹೇಳುವ ಒಂದು ಪ್ರಸಂಗ ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ. ಪ್ರವಾದಿ ಮುಹಮ್ಮದರು ದಾರಿಯಲ್ಲಿ ಹೋಗುತ್ತಿದ್ದಾಗ ಗೋರಿಯ ಪಕ್ಕದಲ್ಲಿ ಹೆಂಗಸೊಬ್ಬಳು ಅಳುತ್ತಿದ್ದಳು. ದೇವರ ಭಯವಿರಲಿ, ಸಬರ್ ತಂದುಕೋ ಎಂದು ಅವರು ಹೇಳಿದರು. ಯಾರೆಂದು ಗುರುತು ಹಿಡಿಯದ ಆಕೆ, ಆಚೆ ಹೋಗಿ, ನನ್ನ ಮೇಲೆ ಬಿದ್ದದ್ದು ನಿಮ್ಮ ಮೇಲೆ ಬಿದ್ದಿಲ್ಲ ಎಂದು ಗದರಿಬಿಟ್ಟಳು. ಆಮೇಲೆ ಯಾರೋ ಅವರು ಪ್ರವಾದಿಗಳು ಎಂದರು. ಆಕೆ ಓಡೋಡಿ ಅವರ ಮನೆಗೆ ಹೋದರೆ ಬಾಗಿಲಲ್ಲಿ ಕಾವಲುಗಾರರೇ ಇಲ್ಲ! ನಿಮ್ಮ ಗುರುತು ಸಿಗಲಿಲ್ಲ ಎಂದಳು. ಆಗ ಪ್ರವಾದಿಗಳು ಹೇಳಿದ್ದು ಇಷ್ಟು: ಸಬರ್ ಇರಬೇಕಾದದ್ದು ಆಪತ್ತಿನ ಮೊದಲ ಏಟು ಬಿದ್ದಾಗ.

ಮೊದಲ ಏಟು! ನಾಲ್ಕು ದಿನ ಕಳೆದರೆ ಯಾರ ಸಿಟ್ಟೂ ಸಂಕಟವೂ ತಾನಾಗಿ ತುಸು ತಗ್ಗುತ್ತದೆ. ಅದು ಕಾಲದ ಕೆಲಸ. ಸುದ್ದಿ ಕಿವಿಗೆ ಬಿದ್ದ ಆ ಕ್ಷಣದಲ್ಲಿ ಬಾಯಿಂದ ಏನು ಬರುತ್ತದೆ, ಕೈ ಏನು ಮಾಡುತ್ತದೆ ಎಂಬಲ್ಲಿದೆ ಲೆಕ್ಕ. ನನಗೆ ಇನ್ನೂ ದೊಡ್ಡದಾಗಿ ಕಂಡದ್ದು ಹದೀಸು ಎತ್ತಿ ಹೇಳದೆ ಬಿಟ್ಟಿರುವ ಸಂಗತಿ. ಗೋರಿಯ ಬಳಿ ಆಕೆ ಗದರಿದಾಗ ನಾನು ಯಾರು ಗೊತ್ತೇ ಎಂದು ಅವರು ಕೇಳಲಿಲ್ಲ. ಮೊದಲ ಏಟು ಅವರ ಮೇಲೂ ಬಿದ್ದಿತ್ತು!

ಹಾಗಾದರೆ ಅಳಬಾರದೇ? ಹಾಗಲ್ಲ. ಮಗ ಇಬ್ರಾಹೀಂ ತೀರಿಕೊಂಡಾಗ ಪ್ರವಾದಿಗಳೇ ಕಣ್ಣೀರಿಟ್ಟರು. ಕುರ್‌ಆನಿನ 12ನೇ ಅಧ್ಯಾಯದಲ್ಲಿ ಮಗ ಯೂಸುಫರನ್ನು ಕಳೆದುಕೊಂಡ ಯಾಕೂಬರು ಸುಂದರವಾದ ಸಬರ್ ತಂದುಕೊಳ್ಳುತ್ತೇನೆ ಎನ್ನುತ್ತಾರೆ. ಅದೇ ಅಧ್ಯಾಯದಲ್ಲಿ ದುಃಖದಿಂದ ಅವರ ಕಣ್ಣು ಬೆಳ್ಳಗಾಗುತ್ತದೆ. ನನ್ನ ಅಳಲನ್ನು ದೇವರಲ್ಲಿ ಮಾತ್ರ ತೋಡಿಕೊಳ್ಳುತ್ತೇನೆ ಎಂದವರು ಅದರ ಬೆನ್ನಿಗೇ ಉಳಿದ ಮಕ್ಕಳಿಗೆ, ಹೋಗಿ, ಯೂಸುಫನನ್ನು ಹುಡುಕಿ, ಆಸೆ ಬಿಡಬೇಡಿ ಎನ್ನುತ್ತಾರೆ. ಒಂದೇ ಮನುಷ್ಯನಲ್ಲಿ ಸಬರ್ ಇದೆ, ಕಣ್ಣೀರಿದೆ, ಹುಡುಕಾಟವೂ ಇದೆ!

ಮೂರನೆಯ ಹೊತ್ತು ಸಿಕ್ಕಿದ್ದು ಬೈಬಲಿನಲ್ಲಿ, ಯಾಕೋಬನ ಪತ್ರದ ಐದನೇ ಅಧ್ಯಾಯದಲ್ಲಿ. ಇದು ಕ್ಷಣದ ಮಾತಲ್ಲ, ಇಡೀ ಬೆಳೆಯ ಕಾಲದ್ದು. ಮುಂಗಾರು, ಹಿಂಗಾರು ಎರಡೂ ಬರುವ ತನಕ ಫಸಲಿಗಾಗಿ ಕಾಯುವ ರೈತನನ್ನು ನೋಡಿ ಎನ್ನುತ್ತದೆ ಆ ಪತ್ರ. ಪ್ಯಾಲೆಸ್ಟೈನ್ ಕಡೆ ಬೇಸಿಗೆಯಲ್ಲಿ ನೆಲ ಸುಟ್ಟು ಗಟ್ಟಿಯಾಗಿರುತ್ತದೆ. ಅಕ್ಟೋಬರ್, ನವೆಂಬರಿನ ಮೊದಲ ಮಳೆ ಬಿದ್ದ ಮೇಲೆಯೇ ಉಳುಮೆ, ಬಿತ್ತನೆ. ಕಾಳು ಗಟ್ಟಿಯಾಗಲು ಮಾರ್ಚ್, ಏಪ್ರಿಲ್ ಹೊತ್ತಿಗೆ ಇನ್ನೊಂದು ಮಳೆ ಬೇಕು. ನಮ್ಮಲ್ಲಿ ತಿಂಗಳು ಬೇರೆ, ಪಾಡು ಅದೇ! ಶಿರಾ, ಪಾವಗಡ ಸೀಮೆಯಲ್ಲಿ ಕಡಲೆಕಾಯಿ ಬಿತ್ತಿದವರನ್ನು ಕೇಳಿ. ಮೊದಲ ಮಳೆಗೆ ಬೀಜ ಹುಟ್ಟಿದರೆ ಸಾಲದು. ಹೂ ಬಿಟ್ಟ ಮೇಲೆ ಕಾಯಿಯಾಗುವ ಮೊನೆ ಮಣ್ಣಿಗೆ ಇಳಿಯಬೇಕು. ಆಗ ನೆಲದಲ್ಲಿ ಹಸಿ ಇಲ್ಲದಿದ್ದರೆ ಗಿಡ ಹಸಿರಾಗಿ ಕಂಡರೂ ಬುಡದಲ್ಲಿ ಕಾಯಿ ಇರುವುದಿಲ್ಲ. ಮಳೆಯನ್ನು ತರಿಸುವುದು ರೈತನ ಕೈಯಲ್ಲಿಲ್ಲ. ಆದರೆ ಅವನು ಕೈಕಟ್ಟಿ ಕೂರುವವನೂ ಅಲ್ಲ. ಎಡೆಕುಂಟೆ ಹೊಡೆಯುತ್ತಾನೆ, ಕಳೆ ತೆಗೆಯುತ್ತಾನೆ. ತನ್ನ ಕೈಯಲ್ಲಿ ಇಲ್ಲದ್ದಕ್ಕೆ ಕಾಯುತ್ತಾನೆ, ಇರುವುದನ್ನು ಮಾಡುತ್ತಾನೆ.

ಆಮೇಲೆ ಅದೇ ಅಧ್ಯಾಯದ ಮೇಲಿನ ಸಾಲುಗಳತ್ತ ಕಣ್ಣು ಹೋಯಿತು. ಮೈ ಜುಂ ಎಂದಿತು! ರೈತನ ಮಾತಿಗೆ ಮುಂಚೆ ಪತ್ರ ಬರೆದವನು ಸಿರಿವಂತ ಹೊಲದೊಡೆಯರನ್ನು ಝಾಡಿಸುತ್ತಿದ್ದಾನೆ. ಪೈರು ಕೊಯ್ದ ಆಳುಗಳ ಕೂಲಿಯನ್ನು ನೀವು ಹಿಡಿದಿಟ್ಟುಕೊಂಡಿದ್ದೀರಿ, ಆ ಕೂಲಿಯೇ ಕೂಗುತ್ತಿದೆ, ದೇವರಿಗೆ ಕೇಳಿಸಿದೆ ಎಂದು. ತಾಳ್ಮೆಯ ಪಾಠ ಬರುವುದು ಅದರ ಬೆನ್ನಿಗೆ. ತಾಳಿಕೊಳ್ಳಿ ಎಂದು ಬಡವರಿಗೆ ಹೇಳುವ ಮೊದಲು ಅನ್ಯಾಯ ಮಾಡಿದವನ ಮುಖಕ್ಕೆ ಅನ್ಯಾಯವೆಂದು ಹೇಳಿದ್ದಾನೆ! ಕೂಲಿ ಕೇಳುವುದು ತಾಳ್ಮೆಗೆಟ್ಟ ಕೆಲಸ ಎಂದು ಈ ಪತ್ರವನ್ನು ಹಿಡಿದು ಯಾರೂ ಹೇಳುವಂತಿಲ್ಲ. ರೈತನ ಮಾತಾದ ಮೇಲೆ ಇನ್ನೊಂದು ಎಚ್ಚರಿಕೆಯೂ ಇದೆ: ಒಬ್ಬರ ಮೇಲೊಬ್ಬರು ಗೊಣಗಬೇಡಿ. ಮಳೆ ತಡವಾದ ವರ್ಷ ಮನೆಗಳಲ್ಲಿ ಜಗಳ ಹೆಚ್ಚುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿಟ್ಟು ಮೋಡದ ಮೇಲೆ, ಸಿಗುವುದು ಪಕ್ಕದಲ್ಲಿರುವವರು.

ಬುಕ್ಕಾಪಟ್ಟಣದಲ್ಲಿ ಇಷ್ಟು ಹೇಳಿ ಮುಗಿಸಿದ ಮೇಲೆ ಹುಡುಗಿಯೊಬ್ಬಳು ಎದ್ದು ನಿಂತಳು. “ಸಾರ್, ನಾವು ತಾಳಿಕೊಳ್ಳೋದು ಸರಿ. ಕಷ್ಟದಲ್ಲಿರೋ ಸ್ನೇಹಿತೆಗೆ ತಾಳ್ಕೊ ಅಂತ ಹೇಳ್ಬೋದಾ?” ಎಂದು ಕೇಳಿದಳು. ಕಾಲು ಗಂಟೆ ನಾನು ಆಡಿದ ಮಾತಿಗಿಂತ ಆ ಪ್ರಶ್ನೆ ಮುಂದಿತ್ತು! ಅದಕ್ಕೆ ಉತ್ತರವೂ ಯಾಕೋಬನ ಪತ್ರದಲ್ಲೇ ಕಾದಿತ್ತು. ರೈತನ ಬೆನ್ನಿಗೇ ಅವನು ತಾಳ್ಮೆಗೆ ಇನ್ನೊಬ್ಬನನ್ನು ಹೆಸರಿಸುತ್ತಾನೆ. ಅವನೇ ಯೋಬ. ಕುರ್‌ಆನಿನಲ್ಲಿ ಇವರೇ ಅಯ್ಯೂಬರು, ಅಲ್ಲೂ ಸಬರಿಗೆ ಹೆಸರಾದವರು.

ಯೋಬ ಬಾಯಿ ಮುಚ್ಚಿಕೊಂಡು ಸಹಿಸಿದವನು ಎಂದುಕೊಂಡಿದ್ದರೆ ಬೈಬಲಿನ ಆ ಪುಸ್ತಕವನ್ನು ತೆರೆದು ನೋಡಿ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಹೋದ ಮೇಲೆ ಅವನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ದೇವರ ಹತ್ತಿರವೇ ನ್ಯಾಯ ಕೇಳುತ್ತಾನೆ, ಬಿಡದೆ ವಾದಿಸುತ್ತಾನೆ. ಮೂವರು ಸ್ನೇಹಿತರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂರುತ್ತಾರೆ. ಅಲ್ಲಿಯವರೆಗೆ ಅವರು ಮಾಡಿದ್ದು ಸರಿಯಿತ್ತು. ಆಮೇಲೆ ಬಾಯಿ ತೆರೆದು ಬುದ್ಧಿ ಹೇಳಲು ಶುರುಮಾಡಿದರು. ನೀನು ಏನೋ ತಪ್ಪು ಮಾಡಿರಲೇಬೇಕು, ಅದಕ್ಕೇ ಹೀಗಾಯಿತು, ಒಪ್ಪಿಕೋ ಎಂದರು.

ಕೊನೆಯ ಅಧ್ಯಾಯದಲ್ಲಿ ದೇವರು ತೀರ್ಪು ಕೊಡುತ್ತಾನೆ. ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಎಂದು ಆ ಮೂವರ ಮೇಲೆ ಸಿಟ್ಟಾಗುತ್ತಾನೆ! ಕೂಗಾಡಿದವನು ಗೆದ್ದ, ಬುದ್ಧಿ ಹೇಳಿದವರು ಸೋತರು. ಏಳು ಹೋರಿ, ಏಳು ಟಗರು ತೆಗೆದುಕೊಂಡು ಯೋಬನ ಬಳಿಗೆ ಹೋಗಿ ಬಲಿ ಕೊಡಿ, ಅವನು ನಿಮಗಾಗಿ ಪ್ರಾರ್ಥಿಸಲಿ ಎಂದು ದೇವರು ಅವರನ್ನು ಕಳಿಸುತ್ತಾನೆ. ಅವರು ಹೋದರು. ಯೋಬ ಪ್ರಾರ್ಥಿಸಿದ. ಅವನ ಪ್ರಾರ್ಥನೆಯಿಂದಲೇ ಅವರಿಗೆ ಕ್ಷಮೆ ಸಿಕ್ಕಿತು.